ಛೇದದಲ್ಲಿ ಇಲ್ಲದ ಪ್ರವಾಸಿಗ

ಜಿಲ್ಲಾವಾರು ರಸ್ತೆ ಅಪಘಾತಗಳ ಪಟ್ಟಿಯನ್ನು ನೋಡುತ್ತಾ ಇಂದು ಕೊಡಗಿನ ಸಾಲಿನಲ್ಲೇ ನಿಂತುಬಿಟ್ಟೆ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 5.5 ಲಕ್ಷ, ಬೆಂಗಳೂರು ನಗರ ಜಿಲ್ಲೆಯದು 96 ಲಕ್ಷ. ಹೀಗಿರುವಾಗ ಒಟ್ಟು ಸಂಖ್ಯೆಯಲ್ಲಿ ಬೆಂಗಳೂರು ಮುಂದಿದೆ ಎಂದರೆ ಅಲ್ಲಿ ಜನ ಹೆಚ್ಚು ಎಂದಷ್ಟೇ ತಿಳಿಯುತ್ತದೆ. ಲಕ್ಷಕ್ಕೆ ಎಷ್ಟು ಎಂದು ಭಾಗಿಸಿದರೆ ಬೇರೆ ತೊಡಕು: ಕೊಡಗಿನಲ್ಲಿ ಹತ್ತು ಸಾವು ಹನ್ನೆರಡಾದರೆ ದರ ಶೇ 20ರಷ್ಟು ಏರುತ್ತದೆ, ಅದೇ ದರವಿರುವ ಬೆಂಗಳೂರಿನಲ್ಲಿ ಅಷ್ಟು ಏರಲು ಸುಮಾರು 35 ಸಾವು ಹೆಚ್ಚಬೇಕು. ಅದಕ್ಕಿಂತಲೂ ನನ್ನನ್ನು ಕಾಡುವುದು, ಮಡಿಕೇರಿಯ ತಿರುವಿನಲ್ಲಿ ಕಾರು ಉರುಳಿ ಸತ್ತ ಪ್ರವಾಸಿಗ ಅಂಶದಲ್ಲಿ ಸೇರುತ್ತಾನೆ, ಛೇದದಲ್ಲಿ ಇರುವುದಿಲ್ಲ; ಜನಗಣತಿ ಅವನನ್ನು ಎಣಿಸಿದ್ದು ಅವನ ಊರಿನಲ್ಲಿ. ಆಂಬುಲೆನ್ಸ್ ಎಷ್ಟು ಇಡಬೇಕೆಂಬ ಪ್ರಶ್ನೆಗೆ ಮಾತ್ರ ಒಟ್ಟು ಸಂಖ್ಯೆಯನ್ನೇ ನೋಡಬೇಕು, ಗಾಯಗೊಂಡವರ ಎಣಿಕೆಯಲ್ಲಿ ಅಂಥ ಪ್ರವಾಸಿಗರೂ ಇರುತ್ತಾರೆ.