ಕೋಮಿ 5.5, ಕೋಮಿ 6.5: ಎರಡು ಕಾಲಂ, ಒಂದೇ ಉತ್ತರ

ಕೊನೆಗೂ ಗಂಟು ಬಿಚ್ಚಿತು. ಮುಗಿದ ಗೋ ಆಟಗಳ ಎಸ್‌ಜಿಎಫ್ ಕಡತ ಓದಿ, ಬೇರೆ ಬೇರೆ ಕೋಮಿಯಲ್ಲಿ, ಅಂದರೆ ಎರಡನೆಯದಾಗಿ ಆಡುವ ಬಿಳಿಗೆ ಕೊಡುವ ಪರಿಹಾರದ ಪಾಯಿಂಟುಗಳಲ್ಲಿ, ಯಾರು ಗೆಲ್ಲುತ್ತಿದ್ದರು ಎಂದು ಹೇಳುವ ಸ್ಕ್ರಿಪ್ಟ್ ಇದು. ಚೀನೀ ಎಣಿಕೆಯಲ್ಲಿ 5.5ರ ಕಾಲಂ, 6.5ರ ಕಾಲಂ ಎರಡೂ ಒಂದೊಂದು ಆಟದಲ್ಲೂ ಒಬ್ಬರನ್ನೇ ಗೆಲ್ಲಿಸುತ್ತಿದ್ದವು. ಒಂದು ಪಾಯಿಂಟ್ ಪೂರ್ತಿ ಎಲ್ಲಿ ಮಾಯವಾಗುತ್ತಿದೆ ಎಂದು ಕೋಡಿನ ಸಾಲುಸಾಲೂ ಜಾಲಾಡಿದ್ದಾಯಿತು. ಕೋಡ್ ಸರಿಯಾಗಿಯೇ ಇತ್ತು. ಕಾರಣ ಇದ್ದದ್ದು 19×19 ಗೆರೆಗಳ ಹಲಗೆಯ ಪಾಯಿಂಟುಗಳ ಮೊತ್ತವಾದ 361 ಎಂಬ ಬೆಸ ಸಂಖ್ಯೆಯಲ್ಲಿ.

ಚೀನೀ ಎಣಿಕೆಯಲ್ಲಿ ಕಲ್ಲು ಮತ್ತು ಅದು ಸುತ್ತುವರಿದ ಜಾಗ ಎರಡೂ ಲೆಕ್ಕಕ್ಕೆ ಬರುತ್ತವೆ. ನಡುವೆ ಯಾರಿಗೂ ಸೇರದೆ ಉಳಿದ ಖಾಲಿ ಜಾಗಗಳಾದ ದಾಮೆ ತುಂಬಿದ ಮೇಲೆ ಹಲಗೆಯ ಪ್ರತಿ ಪಾಯಿಂಟೂ ಕಪ್ಪಿನದು ಅಥವಾ ಬಿಳಿಯದು. ಎರಡನ್ನೂ ಕೂಡಿದರೆ 361 ಬರಬೇಕು, ಹಾಗಾಗಿ ವ್ಯತ್ಯಾಸ ಯಾವಾಗಲೂ ಬೆಸ. ಕಪ್ಪು 184, ಬಿಳಿ 177 ಆದರೆ ವ್ಯತ್ಯಾಸ 7: 5.5 ಕಳೆದರೂ 6.5 ಕಳೆದರೂ ಕಪ್ಪಿಗೇ ಗೆಲುವು. ಕಪ್ಪಿನಿಂದ ಒಂದೇ ಪಾಯಿಂಟ್ ಕಿತ್ತು ಬಿಳಿಗೆ ಕೊಟ್ಟು 183–178 ಮಾಡಿದರೆ ವ್ಯತ್ಯಾಸ ಸೀದಾ 5ಕ್ಕೆ ಇಳಿಯುತ್ತದೆ, ಎರಡರಲ್ಲೂ ಬಿಳಿ ಗೆಲ್ಲುತ್ತದೆ. ನಡುವಿನ 6 ಬರುವುದೇ ಇಲ್ಲ. ಚೀನಾದವರು 5.5ರಿಂದ ನೇರವಾಗಿ 7.5ಕ್ಕೆ ಹೋದದ್ದು ಇದಕ್ಕೇ. 6.5ಕ್ಕೆ ಏರಿಸಿದ್ದರೆ ನಿಯಮ ಬದಲಾಗುತ್ತಿತ್ತು, ಫಲಿತಾಂಶ ಬದಲಾಗುತ್ತಿರಲಿಲ್ಲ.

ಜಪಾನಿ ಎಣಿಕೆಯಲ್ಲಿ ಜಾಗ ಮತ್ತು ಸೆರೆ ಕಲ್ಲು ಮಾತ್ರ ಲೆಕ್ಕ, ಅಲ್ಲಿ ವ್ಯತ್ಯಾಸ 6 ಆಗಬಹುದು, 7 ಕೂಡ ಆಗಬಹುದು. ಕೊನೆಯ ದಾಮೆಯನ್ನು ಕಪ್ಪು ತುಂಬಿದರೆ ಜಪಾನಿ 6 ಚೀನೀ 7 ಆಗುತ್ತದೆ, ಬಿಳಿ ತುಂಬಿದರೆ ಜಪಾನಿ 7 ಹಾಗೇ 7 ಆಗಿ ಉಳಿಯುತ್ತದೆ. ಚೀನೀ ಎಣಿಕೆ ಒಟ್ಟಿಗೆ ಸೇರಿಸುವ ಈ ಎರಡು ಆಟಗಳನ್ನು ಜಪಾನಿನ 6.5 ಬೇರ್ಪಡಿಸುತ್ತದೆ. 2002ರಲ್ಲಿ ಜಪಾನಿನ ಗೋ ಸಂಸ್ಥೆ ನಿಹೋನ್ ಕಿ-ಇನ್ 5.5 ಬಿಟ್ಟು 6.5 ತಂದಾಗ ಅಲ್ಲಿ ಆ ಒಂದು ಪಾಯಿಂಟಿಗೆ ನಿಜವಾದ ಬೆಲೆ ಇತ್ತು.

ಒಂದು ಅಪವಾದ ಇದೆ, ಅದನ್ನು ಪರೀಕ್ಷೆಯ ಕಡತವಾಗಿ ಇಟ್ಟುಕೊಳ್ಳಿ. ಎರಡೂ ಗುಂಪಿಗೆ ಒಂದೊಂದು ಕಣ್ಣು, ನಡುವೆ ಹಂಚಿಕೊಂಡ ಒಂದೇ ಒಂದು ಖಾಲಿ ಜಾಗ ಇರುವ ಸೆಕಿ, ಅಂದರೆ ಯಾರು ಮೊದಲು ಕೈಹಾಕಿದರೂ ಅವರಿಗೇ ನಷ್ಟವಾಗುವ ಬಿಕ್ಕಟ್ಟು. ಆ ಜಾಗ ಯಾರಿಗೂ ಸೇರದು, ಮೊತ್ತ 360. ಈಗ 183–177 ಸಾಧ್ಯ, ವ್ಯತ್ಯಾಸ 6: ಕೋಮಿ 5.5 ಇದ್ದರೆ ಕಪ್ಪು ಅರ್ಧ ಪಾಯಿಂಟಿನಲ್ಲಿ ಗೆಲ್ಲುತ್ತದೆ, 6.5 ಇದ್ದರೆ ಬಿಳಿ. ಸ್ಕ್ರಿಪ್ಟಿಗೆ ಸೇರಿಸಿದ ಕಾವಲು ಇಷ್ಟೇ:

```
total = black + white
if total != 361:
    print("check:", 361 - total)
```

ಇದು ಕೂಗಿದಾಗ ಮೊದಲು ಸೆಕಿ ಹುಡುಕಿ. ಸೆಕಿ ಇಲ್ಲದಿದ್ದರೆ ತುಂಬದೆ ಉಳಿದ ದಾಮೆ ಇರುತ್ತದೆ, ಇಲ್ಲವೇ ಸತ್ತ ಕಲ್ಲು ಎತ್ತಿರುವುದಿಲ್ಲ. ಎತ್ತದ ಒಂದೇ ಸತ್ತ ಕಲ್ಲು ಸುತ್ತಲಿನ ಜಾಗವನ್ನೆಲ್ಲ ಯಾರಿಗೂ ಇಲ್ಲದಂತೆ ಮಾಡುತ್ತದೆ, ಆಗ ಕೊರತೆ ಹತ್ತು ಹದಿನೈದಕ್ಕೂ ಹೋಗುತ್ತದೆ. ಇನ್ನೊಂದು ಕಾಟ: ಕೆಲವು ಚೀನೀ ಕಡತಗಳಲ್ಲಿ `KM[3.75]` ಅಥವಾ `KM[375]` ಎಂದಿರುತ್ತದೆ. ಅದು ಕಲ್ಲಿನ ಲೆಕ್ಕ, 375 ಇದ್ದರೆ ಮೊದಲು ನೂರರಿಂದ ಭಾಗಿಸಿ, ಆಮೇಲೆ ದುಪ್ಪಟ್ಟು ಮಾಡಿ 7.5 ಎಂದು ಓದಬೇಕು. ಓದದಿದ್ದರೆ ಒಂದರಲ್ಲಿ ಕಪ್ಪಿಗೆ ಪುಕ್ಕಟೆ ಗೆಲುವು, ಇನ್ನೊಂದರಲ್ಲಿ ಬಿಳಿಗೆ ಮುನ್ನೂರೆಪ್ಪತ್ತೈದು ಪಾಯಿಂಟಿನ ದಾನ.

ಕೈಯಲ್ಲಿ ತಾಳೆ ನೋಡಲು ತರಿಸಿದ ಹಲಗೆಯದು ಬೇರೆಯೇ ಗೋಳು. ಜಪಾನಿ ಹಲಗೆಯ ಗೆರೆಗಳ ಅಂತರ ಒಂದು ಕಡೆ ಸುಮಾರು 22 ಮಿ.ಮೀ., ಇನ್ನೊಂದು ಕಡೆ 23.7. ಮಾರಿದವರು ಎರಡೂ ಕಡೆ 20 ಕೊಟ್ಟು 22ರ ಕಲ್ಲು ಸೇರಿಸಿದ್ದಾರೆ. ತುಂಬಿದ ಹಲಗೆಯಲ್ಲಿ ಒಂದು ಕಲ್ಲು ಎತ್ತಿದರೆ ನಾಲ್ಕು ಜರುಗುತ್ತವೆ. ಅರ್ಧ ಪಾಯಿಂಟಿನ ಆಟವನ್ನು ಅದರ ಮೇಲೆ ಎಣಿಸಲಾಗದು.

ಇದರ ಜೊತೆಗೇ ಹೊಳೆದ ಮುಂದಿನ ಕೆಲಸ ಹ್ಯಾಂಡಿಕ್ಯಾಪ್ ಪರಿವರ್ತಕ: ಕಪ್ಪು ಆಡುವ ದುರ್ಬಲ ಆಟಗಾರರಿಗೆ ಮೊದಲೇ ಇಡಲು ಕೊಡುವ ಕಲ್ಲುಗಳನ್ನು ಪಾಯಿಂಟಿಗೆ ತಿರುಗಿಸುವಂಥದ್ದು. ಮೊದಲ ನಡೆಯಿಂದ ಕಪ್ಪಿಗೆ ಸುಮಾರು 7ರ ಮುನ್ನಡೆ ಎಂದುಕೊಳ್ಳಿ. ಕಪ್ಪು ಪಾಸ್ ಮಾಡಿದರೆ ಅದೇ 7 ಬಿಳಿಯ ಕಡೆಗೆ ಹೋಗುತ್ತದೆ, ಅಂದರೆ ಒಂದು ನಡೆಯ ಬೆಲೆ 14, ಕೋಮಿ ಅದರ ಅರ್ಧ. ಕೋಮಿ ಇಲ್ಲದೆ ಕಪ್ಪು ಆಡುವುದು ಅರ್ಧ ಕಲ್ಲಿನ ರಿಯಾಯಿತಿ ಮಾತ್ರ. ಎರಡು ಕಲ್ಲು ಇಟ್ಟರೆ 7ಕ್ಕೆ 14 ಸೇರಿ 21, ಮೂರು ಇಟ್ಟರೆ 35. ಎರಡು ಕಲ್ಲಿನ ಬದಲು ಸಮ ಆಟ ಬೇಕೆಂದರೆ, ಮೊದಲ ನಡೆಯ 7 ಕಪ್ಪಿಗೆ ಹೇಗೂ ಇರುವುದರಿಂದ, ಬಿಳಿ 14ರ ತಿರುಗು ಕೋಮಿ ಕೊಡಬೇಕು.

ಒಂದು ಮಿತಿಯನ್ನು ಮಾತ್ರ ಮರೆಯಬಾರದು. 4.5ರ ಕಾಲದ ಆಟವನ್ನು 6.5ಕ್ಕೆ ಎಣಿಸಿ ಕಪ್ಪು ಸೋತಿತು ಎನ್ನಲಾಗದು. 5 ಪಾಯಿಂಟ್ ಮುಂದಿದ್ದ ಕಪ್ಪು ಅಂದು ಗೆದ್ದಂತೆಯೇ ಲೆಕ್ಕ ಹಾಕಿ, ಕೊನೆಯಲ್ಲಿ ಜಗಳ ಬಿಟ್ಟು ಗೋಡೆ ಭದ್ರ ಮಾಡಿಕೊಂಡಿರುತ್ತದೆ. ಹಾಗಾಗಿ ಸ್ಕ್ರಿಪ್ಟ್ ಈಗ ಮೂಲ ಕೋಮಿಯನ್ನು ಪ್ರತ್ಯೇಕ ಕಾಲಂನಲ್ಲಿ ಇಡುತ್ತದೆ, ಅದು ಬೇರೆಯಾಗಿರುವ ಆಟಗಳನ್ನು ಮೊತ್ತಕ್ಕೆ ಸೇರಿಸುವುದಿಲ್ಲ.