ವಾಪಸ್ ಕಳಿಸುವ ಮುಂಚೆ

"ಮೇಡಂ, ನಮ್ಮ ಹೇಮಾವತಿ ಮುಳುಗಡೆಯವರೂ ನಿರಾಶ್ರಿತರೇ, ಹೊರದೇಶದಿಂದ ಬಂದವರೂ ನಿರಾಶ್ರಿತರೇ. ಅವರನ್ನ ವಾಪಸ್ ಕಳಿಸಬಾರದು ಅಂತ ಕಾನೂನು ಯಾಕೆ?"

ಹಾಸನದಲ್ಲಿ ಈ ಗೊಂದಲ ಸಹಜ. ಹಿನ್ನೀರು ಇಳಿದಾಗ ಶೆಟ್ಟಿಹಳ್ಳಿ ಚರ್ಚಿನ ಗೋಡೆಗಳು ಬುಡದವರೆಗೆ ಕಾಣುತ್ತವೆ. ಅಲ್ಲಿ ಊರು ಕಳೆದುಕೊಂಡವರ ನೋವು ಸಣ್ಣದಲ್ಲ. ಆದರೆ ಅವರು ಪರಿಹಾರಕ್ಕೆ ಅರ್ಜಿ ಹಾಕಿದ್ದು ತಮ್ಮದೇ ಸರ್ಕಾರಕ್ಕೆ. 1951ರ ನಿರಾಶ್ರಿತರ ಒಪ್ಪಂದ ಹೇಳುವ ನಿರಾಶ್ರಿತರಿಗೆ ಆ ದಾರಿಯೇ ಮುಚ್ಚಿರುತ್ತದೆ. ಅವರು ತಮ್ಮ ದೇಶದ ಹೊರಗಿರಬೇಕು. ವಾಪಸ್ ಹೋದರೆ ಹಿಂಸೆ ಕೊಡುತ್ತಾರೆ ಅನ್ನುವ ಭಯ ಇರಬೇಕು, ಆ ಭಯಕ್ಕೆ ಆಧಾರವೂ ಇರಬೇಕು. ಹಿಂಸೆಗೆ ಕಾರಣ ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು ಅಥವಾ ರಾಜಕೀಯ ಅಭಿಪ್ರಾಯ ಆಗಿರಬೇಕು. ಬರಗಾಲ, ಸಾಲ ಇಷ್ಟೇ ಆದರೆ ಸಾಲದು.

ಇಲ್ಲಿ ಜಾಸ್ತಿ ಜನ ತಪ್ಪು ತಿಳಿಯುವುದು ಒಂದಿದೆ. ಸರ್ಕಾರ ಕಾಗದ ಕೊಟ್ಟ ಮೇಲೆ ನಿರಾಶ್ರಿತರಾಗುವುದಲ್ಲ. ಆ ಪರಿಸ್ಥಿತಿ ಇದ್ದ ದಿನದಿಂದಲೇ ಅವರು ನಿರಾಶ್ರಿತರು. ಕಾಗದ ಅದನ್ನು ಗುರುತಿಸುತ್ತದೆ ಅಷ್ಟೆ. ಹಾಗಾಗಿ ವಿಚಾರಿಸದೆ ಕಳಿಸಿದರೆ ಯಾರನ್ನು ಕಳಿಸಿದೆವು ಅಂತಲೇ ಗೊತ್ತಾಗುವುದಿಲ್ಲ. ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯ ಇರುವ ಕಡೆಗೆ ನಿರಾಶ್ರಿತರನ್ನು ಯಾವ ರೀತಿಯಲ್ಲೂ ದಬ್ಬಬಾರದು ಅನ್ನುವ ಆ ಒಪ್ಪಂದದ 33ನೇ ವಿಧಿ, ಅಂದರೆ ನಾನ್-ರಿಫೂಲ್‌ಮೆಂಟ್, ನಿಂತಿರುವುದು ಇದರ ಮೇಲೆ.

ಒಂದು ಕೇಸು ಹೇಳುತ್ತೇನೆ. 2009ರ ಮೇ ತಿಂಗಳು. ಲಿಬಿಯಾದಿಂದ ಮೂರು ದೋಣಿಗಳಲ್ಲಿ ಸುಮಾರು 200 ಜನ ಇಟಲಿಯ ಕಡೆ ಹೊರಟಿದ್ದರು. ನಡುಸಮುದ್ರದಲ್ಲಿ ಇಟಲಿಯವರು ಅವರನ್ನು ತಮ್ಮ ಹಡಗುಗಳಿಗೆ ಹತ್ತಿಸಿಕೊಂಡರು. ಎಲ್ಲಿಗೆ ಕರೆದೊಯ್ಯುತ್ತೇವೆ ಅಂತ ಹೇಳಲಿಲ್ಲ. ಹತ್ತು ಗಂಟೆ ಕಳೆದ ಮೇಲೆ ಬಂದದ್ದು ಟ್ರಿಪೋಲಿ. ಇಳಿಯಲ್ಲ ಅಂದವರನ್ನೂ ಬಲವಂತವಾಗಿ ಇಳಿಸಿದರು. ಅವರಲ್ಲಿ ಸೊಮಾಲಿಯಾದ 11, ಎರಿಟ್ರಿಯಾದ 13 ಜನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಅದೇ ಹಿರ್ಸಿ ಕೇಸು.

ಇವರು ಆಶ್ರಯವನ್ನೇ ಕೇಳಲಿಲ್ಲ ಅಂತ ಇಟಲಿ ವಾದಿಸಿತು. ಲಿಬಿಯಾದಲ್ಲಿ ಇಂಥವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ಗೊತ್ತಿದ್ದ ಮೇಲೆ ಕೇಳದಿದ್ದರೂ ವಿಚಾರಿಸುವ ಹೊಣೆ ಇಟಲಿಯದೇ ಅಂತ 2012ರಲ್ಲಿ ನ್ಯಾಯಾಲಯ ಹೇಳಿತು. ಇಟಲಿಯ ಹಡಗು ಹತ್ತಿದ ಮೇಲೆ ಅವರು ಇಟಲಿಯ ಕೈಯಲ್ಲಿದ್ದರು, ಅದು ಯಾವ ಸಮುದ್ರವಾದರೂ ಸರಿ. ಲಿಬಿಯಾ ಅವರನ್ನು ಅಲ್ಲಿಂದ ಸೊಮಾಲಿಯಾಕ್ಕೋ ಎರಿಟ್ರಿಯಾಕ್ಕೋ ಸಾಗಿಸುವ ಅಪಾಯವನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿತು. ಒಬ್ಬೊಬ್ಬರ ಮಾತನ್ನೂ ಬೇರೆ ಬೇರೆ ಕೇಳದೆ ಗುಂಪಾಗಿ ಕಳಿಸಿದ್ದೂ ತಪ್ಪು ಅಂದಿತು. ಅಧಿಕಾರಿ ಎದುರಿಗೆ ಕೂತು ನಿಮ್ಮ ಹೆಸರೇನು, ವಾಪಸ್ ಹೋದರೆ ಏನಾಗುತ್ತೆ ಅಂತ ಒಬ್ಬೊಬ್ಬರನ್ನೂ ಕೇಳಬೇಕಿತ್ತು ಅಲ್ವಾ? ಆ ಹಡಗುಗಳಲ್ಲಿ ಅದೇ ಆಗಲಿಲ್ಲ.

33ನೇ ವಿಧಿಗೆ ಮಿತಿಯೂ ಇದೆ. ದೇಶದ ಭದ್ರತೆಗೆ ಅಪಾಯ ಅನ್ನಲು ಸರಿಯಾದ ಆಧಾರ ಇದ್ದರೆ, ಅಥವಾ ತುಂಬಾ ಗಂಭೀರ ಅಪರಾಧಕ್ಕೆ ಅಂತಿಮ ಶಿಕ್ಷೆಯಾಗಿ ಆ ವ್ಯಕ್ತಿ ಸಮಾಜಕ್ಕೆ ಅಪಾಯವಾಗಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಭಾರತ ಈ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಆದರೂ 1998ರಲ್ಲಿ ಇರಾಕಿನ ಇಬ್ಬರ ಕೇಸಿನಲ್ಲಿ ಗುಜರಾತ್ ಹೈಕೋರ್ಟ್ ಇದೇ ತತ್ವವನ್ನು ಜೀವ ಮತ್ತು ಸ್ವಾತಂತ್ರ್ಯ ಕಾಯುವ ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ ಕಂಡಿತು.