ಯಾರ ಮೆಡಿಕಲ್ ಸರ್ಟಿಫಿಕೇಟ್, ಮೇಡಂ?

ಮುಂಬೈನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಅಕೌಂಟ್ಸ್ ಪಾಠ ಮಾಡುತ್ತೇನೆ. ಆ ವರ್ಷ ಎಸ್‌ವೈ, ಅಂದರೆ ಎರಡನೇ ವರ್ಷದ, ಕ್ಲಾಸ್ ಟೀಚರ್ ಕೂಡ ನಾನೇ. ಇಂಟರ್ನಲ್ ಮುಗಿದ ವಾರ ಸ್ಟಾಫ್ ರೂಮಿನಲ್ಲಿ ಒಂದು ಹಳೇ ಜೋಕ್ ಓಡಾಡುತ್ತದೆ: "ಈ ಸಲ ಎಷ್ಟು ಅಜ್ಜಂದಿರು ಹೋದರು?" ನಾನೂ ನಕ್ಕವಳೇ.

ಆಗ ನಮ್ಮಲ್ಲಿ ಇಂಟರ್ನಲ್ 25 ಅಂಕ. ಅದರಲ್ಲಿ ಟೆಸ್ಟ್ 20, ಉಳಿದ 5 ಕ್ಲಾಸಿನ ನಡವಳಿಕೆಗೆ. ಪಾಸಾಗಲು 10 ಬೇಕಿತ್ತು. ಟೆಸ್ಟ್‌ಗೆ ಬಾರದವರಿಗೆ 5ಕ್ಕೆ 5 ಕೊಟ್ಟರೂ ಎಟಿಕೆಟಿ, ಅಂದರೆ ಆ ವಿಷಯ ಬಾಕಿ ಉಳಿಯುವುದು, ತಪ್ಪುತ್ತಿರಲಿಲ್ಲ. ನನ್ನ ಕ್ಲಾಸಿನ ಒಬ್ಬ ಹುಡುಗಿ 11, 12, 13ನೇ ತಾರೀಖಿನ ಮೂರೂ ಟೆಸ್ಟ್ ತಪ್ಪಿಸಿದ್ದಳು.

ತಿಂಗಳ ಕೊನೆಗೆ ಅವಳ ಮೊದಲ ಪತ್ರ ಬಂತು. ಯಾವುದೋ ನಮೂನೆ ನೋಡಿ ಬರೆದದ್ದು. 'ತಪ್ಪಿಸಲಾಗದ ಕಾರಣಗಳಿಂದ', 'ದಯವಿಟ್ಟು ಸಹಕರಿಸಿ', ಅಷ್ಟೇ. ಯಾವ ಪೇಪರು, ಯಾವ ದಿನ, ಏನು ಬೇಕು, ಒಂದೂ ಇಲ್ಲ. ಕೆಂಪು ಪೆನ್ನಿನಲ್ಲಿ 'ಮೆಡಿಕಲ್ ಸರ್ಟಿಫಿಕೇಟ್ ಲಗತ್ತಿಸಿ' ಎಂದು ಬರೆದು ವಾಪಸ್ ಕೊಟ್ಟೆ. ನಮ್ಮ ಫಾರ್ಮಿನಲ್ಲಿ ಇರುವುದೇ ಆ ಒಂದು ಚೌಕ.

ಮರುದಿನ ಬಂದು ನಿಧಾನವಾಗಿ ಕೇಳಿದಳು. "ಯಾರದ್ದು ಮೇಡಂ? ನಂದಾ, ಅಜ್ಜಂದಾ?"

ಗೇಟಿನ ಎದುರಿನ ಡಾಕ್ಟರ ಹತ್ತಿರ ಹೋಗಿ ಸುಮ್ನೆ 'ವೈರಲ್ ಫೀವರ್' ಅಂತ ಬರೆಸಿಕೊಂಡು ಬಂದಿದ್ದರೆ ಅವತ್ತೇ ಸಹಿ ಹಾಕುತ್ತಿದ್ದೆ. ನಿಜ ಹೇಳಿದ್ದಕ್ಕೆ ಅವಳು ನಾಲ್ಕು ಸಲ ಓಡಾಡಬೇಕಾಯಿತು.

ಕೂರಿಸಿ ಎರಡನೇ ಪತ್ರ ಬರೆಸಿದೆ. ಮೇಲೆ ರೋಲ್ ನಂಬರ್, ಆಮೇಲೆ ಮೂರು ಪೇಪರು, ಮೂರು ತಾರೀಖು. 8ಕ್ಕೆ ಅಜ್ಜನನ್ನು ಉಡುಪಿಯಲ್ಲಿ ಐಸಿಯುಗೆ ಸೇರಿಸಿದರು. 9ಕ್ಕೆ ಇವಳು ಮತ್ಸ್ಯಗಂಧ ಟ್ರೈನ್ ಹತ್ತಿದಳು. 14ಕ್ಕೆ ಅಜ್ಜ ತೀರಿಕೊಂಡರು. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿ ವಾಪಸ್ ಬಂದಳು. ಕೊನೆಯ ಸಾಲು: ಈ ಮೂರು ಟೆಸ್ಟ್‌ಗಳಿಗೆ ಅಡಿಷನಲ್ ಪರೀಕ್ಷೆ ಬರೆಯಲು ಅನುಮತಿ ಬೇಕು. ಅರ್ಧ ಪುಟ. ಜೊತೆಗೆ ಟ್ರೈನ್ ಟಿಕೆಟ್, ಡೆತ್ ಸರ್ಟಿಫಿಕೇಟ್.

ಡೆತ್ ಸರ್ಟಿಫಿಕೇಟ್ ಇದ್ದ ಮೇಲೆ ಮುಗಿಯಿತು ಅಂದುಕೊಂಡೆ. ಅದೇ ನನ್ನ ತಪ್ಪು.

ಇಂಥ ಪತ್ರಗಳನ್ನು ನೋಡುವ ಕಮಿಟಿ ಕೂತದ್ದು ಶುಕ್ರವಾರ ನಾಲ್ಕಕ್ಕೆ. ಐದಕ್ಕೆ ಲಿಸ್ಟ್ ಪ್ರಿನ್ಸಿಪಾಲರ ಟೇಬಲ್ ಮೇಲಿರಬೇಕು. ಕನ್ವೀನರ್ ಪೇಪರ್ ತಿರುಗಿಸಿ ನೋಡಿದರು. ಸಾವು 14ಕ್ಕೆ, ಟೆಸ್ಟ್ 11ರಿಂದ 13. ಟೆಸ್ಟ್ ನಡೆದ ದಿನ ಅಜ್ಜ ಬದುಕಿದ್ದರಲ್ಲ? ಹೌದಲ್ಲ! ಡೆತ್ ಸರ್ಟಿಫಿಕೇಟ್ ಸತ್ತ ದಿನವನ್ನು ಮಾತ್ರ ಹೇಳುತ್ತದೆ, ಕಾಯಿಲೆ ಬಿದ್ದ ದಿನಗಳನ್ನಲ್ಲ. ಬೇಕಿದ್ದದ್ದು ಅಡ್ಮಿಷನ್ ತಾರೀಖು ಇರುವ ಆಸ್ಪತ್ರೆಯ ಕಾಗದ. ಪುಣ್ಯಕ್ಕೆ ಆ ತಾರೀಖು ಇದ್ದ ಆಸ್ಪತ್ರೆಯ ಡೆತ್ ಸಮ್ಮರಿಯ ಫೋಟೋ ಅವಳ ಫೋನಿನಲ್ಲಿತ್ತು. ನಾನು ಕೇಳಿರಲಿಲ್ಲ, ಅವಳು ಕೊಟ್ಟಿರಲಿಲ್ಲ.

ಆಮೇಲೆ ಎರಡನೇ ಕಲ್ಲು. "ಆಡನಾವ್ ವೇಗಳಂ ಆಹೆ," ಅಂದರು ಕನ್ವೀನರ್, ಅಡ್ಡಹೆಸರೇ ಬೇರೆ ಎಂದು. ಹುಡುಗಿ ಶೆಟ್ಟಿ, ಅವಳಪ್ಪನೂ ಶೆಟ್ಟಿ, ತೀರಿಕೊಂಡವರು ಹೆಗ್ಡೆ. ಪತ್ರದಲ್ಲಿ 'ಅಪ್ಪನ ಅಪ್ಪ' ಎಂದಿದೆ. ಎಲ್ಲರೂ ನನ್ನ ಮುಖ ನೋಡಿದರು, ನಾನೇ ತಾನೆ ಕನ್ನಡದವಳು. ಧಾರವಾಡ ಕಡೆಯ ನನಗೂ ಅಪ್ಪ ಮಗನ ಅಡ್ಡಹೆಸರು ಬೇರೆ ಹೇಗೆ ಎಂದು ಹೊಳೆಯಲಿಲ್ಲ. ಇಪ್ಪತ್ತು ವರ್ಷ ಶೆಟ್ಟರ ಹೋಟೆಲಿನಲ್ಲಿ ಇಡ್ಲಿ ತಿಂದವಳು ನಾನು! ಹೊರಗೆ ಹೋಗಿ ಅವಳನ್ನೇ ಕೇಳಿದೆ, ಸ್ವಲ್ಪ ಜೋರಾಗಿಯೇ. "ಸುಳ್ಳು ಬರೆದಿದ್ದೀಯಾ?"

ಆ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ.

"ಇಲ್ಲ ಮೇಡಂ. ನಮ್ಮದು ಅಳಿಯಸಂತಾನ ಅಲ್ವಾ, ಹಿಂದೆ ಹೆಸರು ತಾಯಿ ಕಡೆಯಿಂದ ಬರ್ತಿತ್ತು. ಅಪ್ಪನಿಗೆ ಅಜ್ಜಿಯ ಹೆಸರು." ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಒಳಗೆ ಬಂದು ಹೇಳಿದೆ. ಪ್ರೂಫ್ ಬೇಕು ಅಂದರು. 4:25. ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಇರುತ್ತದೆ ಎಂದು ಆಗ ತಲೆಗೆ ಬಂತು. ಟ್ಯಾಕ್ಸ್ ಪಾಠ ಮಾಡಿದ್ದರ ಒಂದೇ ಲಾಭ. ಅವಳಪ್ಪ ಹೋಟೆಲ್ ಗಲ್ಲಾದಲ್ಲಿದ್ದರು, ಫೋನ್ ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿದರು. ಕಾರಿಡಾರಿನಲ್ಲಿ ನಾವಿಬ್ಬರೂ ಅವಳ ಫೋನನ್ನೇ ನೋಡುತ್ತಾ ನಿಂತೆವು. 4:41ಕ್ಕೆ ಫೋಟೋ ಬಂತು. ಮೇಲೆ ಶೆಟ್ಟಿ, ಕೆಳಗೆ ತಂದೆಯ ಹೆಸರು, ಹೆಗ್ಡೆ. ಡೆತ್ ಸರ್ಟಿಫಿಕೇಟಿನಲ್ಲಿದ್ದ ಅದೇ ಪೂರ್ತಿ ಹೆಸರು.

ಕನ್ವೀನರ್ ಸಹಿ ಹಾಕಿದರು. ಮನೆಯವರ ಕಾಯಿಲೆಯನ್ನು ನಿಯಮ ಹೆಸರಿಸಿಲ್ಲ, ಆದರೆ ಪ್ರಿನ್ಸಿಪಾಲರಿಗೆ ಒಪ್ಪಿಗೆಯಾದ ಬೇರೆ ಕಾರಣಕ್ಕೂ ಅದರಲ್ಲಿ ಜಾಗ ಇದೆ. ಅದನ್ನು ಫಾರ್ಮಿನಲ್ಲಿ ಯಾಕೆ ಹಾಕಿಲ್ಲವೋ ಆಫೀಸಿನವರನ್ನೇ ಕೇಳಬೇಕು. ಮುಂದಿನ ವಾರ ಅವಳು ಮೂರೂ ಟೆಸ್ಟ್ ಬರೆದಳು. ನನ್ನ ಪೇಪರಿನಲ್ಲಿ 20ಕ್ಕೆ 13.

ಈಗ ನಾನು ಪತ್ರ ತೆಗೆದುಕೊಳ್ಳುವಾಗಲೇ ಟೆಸ್ಟಿನ ತಾರೀಖಿನ ಪಕ್ಕಕ್ಕೆ ಆಸ್ಪತ್ರೆಯ ತಾರೀಖು ಇಟ್ಟು ನೋಡುತ್ತೇನೆ. ಫಾರ್ಮಿನ ಅಡಿಯಲ್ಲಿ 'ಮನೆಯವರ ಕಾಯಿಲೆ: ಅಡ್ಮಿಷನ್ ಕಾಗದ, ಸಂಬಂಧದ ಪುರಾವೆ' ಎಂದು ಪೆನ್ನಿನಲ್ಲಿ ಒಂದು ಸಾಲು ಸೇರಿಸಿ ಆಫೀಸಿಗೆ ಕೊಟ್ಟಿದ್ದೆ. ಹೊಸ ಫಾರ್ಮುಗಳು ಜೆರಾಕ್ಸ್ ಆಗಿ ಬಂದವು. ಆ ಸಾಲು ಅಂಚಿನಲ್ಲಿ ಕತ್ತರಿಸಿ ಹೋಗಿತ್ತು.